ಮಹಾಡಿನ ಕೆರೆ ಮತ್ತು ‘ಥೀಸಿಸ್ ಎಲ್ಲಿ?’ ಅನ್ನೋ ಪ್ರಶ್ನೆ

ಮೊನ್ನೆ ಬಿಎ ಓದೋ ತಮ್ಮನೊಬ್ಬ ಹಾಸ್ಟೆಲಿನಿಂದ ತನ್ನ ಇಂಗ್ಲಿಷ್ ಪ್ರಬಂಧ ತಂದ. ವಿಷಯ ಮಹಾಡ್ ಸತ್ಯಾಗ್ರಹ. ಮೇಷ್ಟ್ರು ಅಂಚಿನಲ್ಲಿ ‘ಥೀಸಿಸ್ ಎಲ್ಲಿ?’ ಅಂತ ಬರೆದಿದ್ರು. “ಅಣ್ಣಾ, ನನ್ ಇಂಗ್ಲಿಷೇ ಸರಿಯಿಲ್ಲ ಅಲ್ವಾ?” ಅಂದ. ಓದಿ ನೋಡಿದೆ. ಕೊರತೆ ಇಂಗ್ಲಿಷಿನದಲ್ಲ.

ಅವನ ಮೊದಲ ವಾಕ್ಯ: ಮಹಾಡ್ ಸತ್ಯಾಗ್ರಹ 1927ರಲ್ಲಿ ನಡೆದ ಮುಖ್ಯ ಹೋರಾಟ. ಇದಕ್ಕೆ ಯಾರಾದ್ರೂ ‘ಇಲ್ಲ’ ಅಂತಾರಾ? ಅನ್ನಲ್ಲ. ಯಾರೂ ಅಲ್ಲಗಳೆಯದ ಮಾತಿಗೆ ಪುರಾವೆ ಬೇಕಾಗಲ್ಲ. ಅದಕ್ಕೇ ಉಳಿದ ಪುಟಗಳೆಲ್ಲ ಬರೀ ಕಥೆಯಾಗಿದ್ವು.

ಥೀಸಿಸ್ ಅಂದ್ರೆ ಎದುರಿನವನು ವಾದಿಸಬಹುದಾದ, ನೀವು ಪುರಾವೆ ಕೊಟ್ಟು ನಿಲ್ಲಿಸಬಹುದಾದ ಒಂದು ಮಾತು. “ಅವರು ಹೋಗಿದ್ದು ನೀರಿಗಾ?” ಅಂತ ಕೇಳಿದೆ. “ನೀರಿಗೆ ಮಾತ್ರ ಅಲ್ಲಣ್ಣ” ಅಂದ. ಥೀಸಿಸ್ ಅಲ್ಲೇ ಸಿಕ್ತು. ಕೂತು ಹೀಗೆ ಕಟ್ಟಿದ್ವಿ: ‘ಮಹಾಡ್ ನೀರಿನ ಹೋರಾಟದಂತೆ ಕಂಡರೂ, ಅದು ಮೂಲತಃ ಸಮಾನತೆಯ ಹೋರಾಟ, ಯಾಕಂದ್ರೆ ಕಾಗದದ ಮೇಲೆ ತೆರೆದಿದ್ದ ಕೆರೆಯನ್ನು ಜಾತಿ ಮುಚ್ಚಿಟ್ಟಿತ್ತು.’ ಇಂಗ್ಲಿಷಿನಲ್ಲಿ ಮೊದಲ ಭಾಗಕ್ಕೆ ‘ಆಲ್ದೋ’, ಕೊನೆಯದಕ್ಕೆ ‘ಬಿಕಾಸ್’ ಸಾಕು. ಎದುರುವಾದ ‘ಆಲ್ದೋ’ದಲ್ಲಿ, ಕಾರಣ ‘ಬಿಕಾಸ್’ನಲ್ಲಿ ಬರುತ್ತೆ.

ಇನ್ನು ಆಧಾರ. ಒಂದು ಪ್ಯಾರಾಕ್ಕೆ ಒಂದೇ ಕಾರಣ. ಮೊದಲನೆಯದು: ಹಕ್ಕು ಆಗಲೇ ಕಾಗದದಲ್ಲಿತ್ತು. ಸಾರ್ವಜನಿಕ ಕೆರೆಗಳನ್ನು ಅಸ್ಪೃಶ್ಯರೂ ಬಳಸಬಹುದು ಅಂತ ಬಾಂಬೆ ವಿಧಾನ ಪರಿಷತ್ತು 1923ರಲ್ಲಿ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ತೆರೆದಿತ್ತು. ಆದ್ರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿಯೇ ಆ ನೀರು ಮುಟ್ಟಬೇಕಾಯ್ತು. ಎರಡನೆಯದು: ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದ್ರು.

ತಮ್ಮ ಈ ಎರಡನ್ನೂ ಬರೆದಿದ್ದ. ಆದ್ರೆ ಅಷ್ಟಕ್ಕೇ ನಿಲ್ಲಿಸಿ ಮುಂದಿನ ತಾರೀಖಿಗೆ ಹಾರಿದ್ದ. ಪುರಾವೆ ತಾನಾಗಿ ಮಾತಾಡಲ್ಲ. ‘ಹಾಗಾದ್ರೆ ಏನಾಯ್ತು?’ ಅಂತ ಕೇಳಿ, ಉತ್ತರವನ್ನ ಅಲ್ಲೇ ಬರೀಬೇಕು: ಜಗಳ ನೀರಿಗಾಗಿದ್ರೆ ಕಾವಲು ಹಾಕಿದ್ರೆ ಸಾಕಿತ್ತು, ಶುದ್ಧ ಮಾಡೋದು ಬೇಕಿರಲಿಲ್ಲ, ಅವರಿಗೆ ಮೈಲಿಗೆ ಅನ್ನಿಸಿದ್ದು ಮುಟ್ಟಿದ ಕೈ. ಥೀಸಿಸ್ಸಿಗೆ ಪುರಾವೆಯನ್ನ ಕಟ್ಟಿಹಾಕೋದು ಈ ವಾಕ್ಯ.

‘ನೀರೂ ಬೇಕಿತ್ತಲ್ವಾ?’ ಅಂತ ಯಾರಾದ್ರೂ ಕೇಳ್ತಾರೆ. ನಿಜ, ಬೇಕಿತ್ತು. ಅದನ್ನ ಒಪ್ಪಿ ಬರೀರಿ. ‘ನೀರಿಗೆ ಸಂಬಂಧವೇ ಇಲ್ಲ’ ಅಂತ ಬರೆದ್ರೆ ವಾದ ಅಲ್ಲೇ ಬೀಳುತ್ತೆ. ‘ಮೂಲತಃ’ ಅನ್ನೋ ಪದ ಅದಕ್ಕೇ ಇರೋದು.

ಬರೆದಾದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಓದಿ. ಬರೀ ತಾರೀಖುಗಳೇ ಸಿಕ್ಕಿದ್ರೆ ನೀವು ಕಥೆ ಬರೆದಿದ್ದೀರಿ. ಕಾರಣಗಳು ಸಿಕ್ಕಿದ್ರೆ ವಾದ ಬರೆದಿದ್ದೀರಿ.

ತಮ್ಮ ಮತ್ತೆ ಬರೀತಿದ್ದಾನೆ. ಜೈ ಭೀಮ್.