ಎರಡು ವಿಪಿಎನ್, ಒಂದೇ ದಾರಿಪಟ್ಟಿ

ಕಚೇರಿಯ ವಿಪಿಎನ್ ಮತ್ತು ಸ್ವಂತ ವಿಪಿಎನ್ ಎರಡನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ನಡೆಸಿದರೆ ಎರಡೂ ಕನೆಕ್ಟ್ ಆಗಿವೆ ಎಂದೇ ತೋರಿಸುತ್ತವೆ. ಹಸಿರು ಗುರುತು ಎರಡರಲ್ಲೂ ಇರುತ್ತದೆ, ದೂರು ಯಾವುದರಲ್ಲೂ ಇರುವುದಿಲ್ಲ. ಕಚೇರಿಯ ಒಂದು ಪುಟ ಮಾತ್ರ ತೆರೆಯದೆ ಸುತ್ತುತ್ತ ಕೂರುತ್ತದೆ. ಉಳಿದ ಪುಟಗಳೆಲ್ಲ ಬರುತ್ತಿರುವುದರಿಂದ ಅನುಮಾನ ಮೊದಲು ಆ ಪುಟದ ಮೇಲೆ, ಆಮೇಲೆ ವೈಫೈ ಮೇಲೆ ಹೋಗುತ್ತದೆ. ತಪ್ಪು ಇರುವ ಜಾಗಕ್ಕೆ ಬರುವುದು ಕೊನೆಗೆ. ಆ ಜಾಗ ಕಂಪ್ಯೂಟರಿನ ರೂಟಿಂಗ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ಬರೆದಿಟ್ಟ ಪಟ್ಟಿ. ವಿಪಿಎನ್‌ಗಳು ಎರಡಾದರೂ ಸಾಮಾನ್ಯವಾಗಿ ಪಟ್ಟಿ ಒಂದೇ. ಎರಡೂ ತಮ್ಮ ತಮ್ಮ ಸಾಲುಗಳನ್ನು ಅದರಲ್ಲೇ ಬರೆಯುತ್ತವೆ.

ಸ್ವಂತ ವಿಪಿಎನ್ ಎಂಬುದಕ್ಕೂ ಕಚೇರಿಯ ದಾರಿಗೂ ಹಳೆಯ ನಂಟಿದೆ. ಜೇಮ್ಸ್ ಯೋನನ್ 2001ರಲ್ಲಿ ಓಪನ್‌ವಿಪಿಎನ್ ಬರೆಯಲು ಹೊರಟದ್ದು ಮಧ್ಯ ಏಷ್ಯಾದಲ್ಲಿ ಓಡಾಡುತ್ತ, ನಂಬಲಾಗದ ಜಾಲಗಳ ಮೂಲಕ ತನ್ನ ಕೆಲಸದ ಕಂಪ್ಯೂಟರನ್ನು ಮುಟ್ಟಬೇಕಾಗಿ ಬಂದಾಗ. ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರ ಭಾಗವಾಗಿ ಬಂತು. ಬೆಂಗಳೂರಿನ ಕಚೇರಿಗಳು ಬಾಗಿಲು ಹಾಕಿ, ನೌಕರರು ಲ್ಯಾಪ್‌ಟಾಪ್ ಹೊತ್ತು ಊರು ಸೇರಿದ ತಿಂಗಳೂ ಅದೇ. ಅಂದಿನಿಂದ ಎಷ್ಟೋ ಯಂತ್ರಗಳಲ್ಲಿ ಕಚೇರಿ ಕೊಟ್ಟ ವಿಪಿಎನ್ ಒಂದು, ಮಾಲೀಕ ತಾನೇ ಹಾಕಿಕೊಂಡದ್ದು ಇನ್ನೊಂದು ಎಂಬಂತಾಗಿದೆ.

ತಿಕ್ಕಾಟದ ಬೇರು ಮಾತ್ರ ಇನ್ನೂ ಹಳೆಯದು. ಅಂತರಜಾಲದ ವಿಳಾಸಗಳು ಸಾಲದಾಗುತ್ತವೆ ಎಂದು ಕಂಡಾಗ 1996ರ ಫೆಬ್ರವರಿಯಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ದಾಖಲೆ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆ ಬಿಟ್ಟಿತು: 10ರಿಂದ ಶುರುವಾಗುವ ವಿಳಾಸಗಳೆಲ್ಲ, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಶುರುವಾಗುವವು. ಯಾರನ್ನೂ ಕೇಳದೆ ಯಾರು ಬೇಕಾದರೂ ಇವನ್ನು ತಮ್ಮ ಮನೆಯಲ್ಲೋ ಕಚೇರಿಯಲ್ಲೋ ಬಳಸಬಹುದು. ಎರಡು ಖಾಸಗಿ ಜಾಲಗಳು ಮುಂದೆಂದಾದರೂ ಕೂಡಿದರೆ ವಿಳಾಸಗಳು ಡಿಕ್ಕಿ ಹೊಡೆಯಬಾರದೆಂದು, ಗುಂಪಿನೊಳಗಿಂದ ಯಾದೃಚ್ಛಿಕವಾಗಿ ಆರಿಸಿಕೊಳ್ಳಿ ಎಂಬ ಸಲಹೆಯೂ ಅದೇ ದಾಖಲೆಯಲ್ಲಿತ್ತು. ಆ ಸಲಹೆಯನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ರೂಟರ್ ತಯಾರಕರು 192.168.0 ಅಥವಾ 192.168.1ಕ್ಕೆ ಅಂಟಿಕೊಂಡರು. ದೊಡ್ಡ ಕಂಪನಿಗಳು 10ರ ಇಡೀ ಗುಂಪನ್ನೇ ತಮ್ಮದೆಂದು ಹರವಿಕೊಂಡವು. ಓಪನ್‌ವಿಪಿಎನ್‌ನ ಮಾದರಿ ಕಡತದಲ್ಲಿದ್ದ 10.8.0 ಎಂಬ ಸಂಖ್ಯೆ ನಕಲಾಗುತ್ತ ಆಗುತ್ತ ವೈರ್‌ಗಾರ್ಡ್‌ನ ಅನೇಕ ಸ್ಥಾಪನೆಗಳಿಗೂ ಬಂದು ಕೂತಿತು.

ಪಟ್ಟಿಯಲ್ಲಿ ಒಂದೇ ವಿಳಾಸಕ್ಕೆ ಎರಡು ಸಾಲು ಹೊಂದಿದರೆ ಗೆಲ್ಲುವುದು ಹೆಚ್ಚು ಖಚಿತವಾದ ಸಾಲು. ಅಂಚೆ ವಿಂಗಡಿಸುವವನ ಮುಂದೆ ‘ಉತ್ತರ ಕನ್ನಡ’ ಎಂಬ ಚೀಲವೂ ‘ಶಿರಸಿ’ ಎಂಬ ಚೀಲವೂ ಇದ್ದರೆ ಶಿರಸಿಯ ಕಾಗದ ಎರಡನೆಯದಕ್ಕೇ ಬೀಳುವುದಿಲ್ಲವೇ, ಹಾಗೆ. ಇಂಥ ಪ್ರತಿ ವಿಳಾಸ 32 ಬಿಟ್‌ಗಳದ್ದು. ಓರೆಗೆರೆಯ ಮುಂದಿನ ಅಂಕಿ ಅವುಗಳಲ್ಲಿ ಮೊದಲಿನ ಎಷ್ಟು ಬಿಟ್ ಹೊಂದಬೇಕೆಂದು ಹೇಳುತ್ತದೆ. 10.0.0.0/8 ಎಂದರೆ 10ರಿಂದ ಶುರುವಾಗುವ 1,67,77,216 ವಿಳಾಸಗಳೂ ಸೇರಿದವು. 10.8.0.0/24 ಎಂದರೆ ಬರೀ 256. /32 ಎಂದರೆ ಒಂದೇ ಒಂದು. /0 ಎಂದರೆ ಜಗತ್ತೆಲ್ಲ. ಖಚಿತತೆಯಲ್ಲಿ ಎರಡು ಸಾಲು ಸಮನಾದಾಗ ಮಾತ್ರ ಮೆಟ್ರಿಕ್ ಎಂಬ ಅಂಕಿಯನ್ನು ನೋಡಲಾಗುತ್ತದೆ. ಅದು ಕಡಿಮೆ ಇದ್ದ ಸಾಲಿಗೆ ಆದ್ಯತೆ. ಯಾವ ವಿಪಿಎನ್ ಮುಖ್ಯ, ಯಾವುದು ಕಚೇರಿಯದು ಎಂಬ ವಿವೇಚನೆ ಪಟ್ಟಿಗೆ ಇಲ್ಲ.

ಒಂದು ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ಒಬ್ಬ ನೌಕರನ ತಂದೆ ತಾಯಿ ಶಿರಸಿಯ ಹತ್ತಿರದ ಊರಲ್ಲಿದ್ದಾರೆ. ಅಲ್ಲಿನ ಅಟ್ಟದ ಮೇಲಿರುವ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಮನೆಯ ಹಳೆಯ ಫೋಟೋಗಳು, ತೋಟದ ಪಹಣಿಯ ಸ್ಕ್ಯಾನುಗಳು ಇವೆ. ಊರ ಜಾಲದಲ್ಲಿ ಅದರ ವಿಳಾಸ 192.168.1.10. ಅದನ್ನು ತಲುಪಲು ಆತ ವೈರ್‌ಗಾರ್ಡ್ ಹಾಕಿಕೊಂಡಿದ್ದಾನೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿರುವ ಅದರ ಕಡತದ ಮುಖ್ಯ ಸಾಲುಗಳು ಹೀಗಿವೆ:

```
[Interface]
Address = 10.8.0.2/24
DNS = 10.8.0.1

[Peer]
AllowedIPs = 10.8.0.0/24, 192.168.1.0/24
```

ಕಚೇರಿಯ ವಿಪಿಎನ್ ಪಟ್ಟಿಯಲ್ಲಿ ಬರೆಯುವುದು 10.0.0.0/8. ಅಂದರೆ 10ರ ವಿಳಾಸಗಳು ಕಚೇರಿಗೆ, ಮಿಕ್ಕ ಅಂತರಜಾಲ ನೇರವಾಗಿ ಮನೆಯ ವೈಫೈಗೆ. ಕಚೇರಿಯಲ್ಲಿ ರಜೆ ಅರ್ಜಿ ಹಾಕುವ ಸರ್ವರಿನ ವಿಳಾಸ 10.8.0.25. ಊರಿಗೆ ಹೋಗಲು ರಜೆ ಬೇಕಾಗಿ ಆತ ಆ ಪುಟ ತೆರೆದರೆ ಕೋರಿಕೆ ಕಚೇರಿಗೆ ಹೋಗದೆ ತಾನೇ ಮೊದಲು ಊರಿಗೆ ಹೋಗಿಬಿಡುತ್ತದೆ: /24 ಎಂಬುದು /8ಕ್ಕಿಂತ ಖಚಿತ. ಅಟ್ಟದ ಕಂಪ್ಯೂಟರಿಗೆ ರಜೆ ಅರ್ಜಿಯ ಗಂಧವಿಲ್ಲ, ಉತ್ತರ ಬರುವುದಿಲ್ಲ. ಇಮೇಲ್ ಸರ್ವರ್ 10.20ರಲ್ಲಿರುವುದರಿಂದ ಅದು ಸರಿಯಾಗಿ ನಡೆಯುತ್ತಿರುತ್ತದೆ. ಬಾಡಿಗೆ ಮನೆಯ ರೂಟರಿನ ಜಾಲವೂ 192.168.1.0/24 ಆಗಿರುವುದರಿಂದ ಎರಡನೆಯ ತೊಡಕೂ ಇದೆ. ಅಲ್ಲಿ ಖಚಿತತೆ ಸಮ, ತೀರ್ಪು ಮೆಟ್ರಿಕ್‌ನದು. ಅದು ಒಂದು ಕಡೆ ವಾಲಿದರೆ ಊರಿನ ಫೋಟೋ ಸಿಗುವುದಿಲ್ಲ, ಇನ್ನೊಂದು ಕಡೆ ವಾಲಿದರೆ ಪಕ್ಕದ ಮೇಜಿನ ಪ್ರಿಂಟರ್ ಸಿಗುವುದಿಲ್ಲ.

ಊಹೆ ಮಾಡುವ ಬದಲು ಪಟ್ಟಿಯನ್ನೇ ಕೇಳಬಹುದು. ವಿಂಡೋಸಿನ ಪವರ್‌ಶೆಲ್‌ನಲ್ಲಿ ಮೊದಲ ಸಾಲು, ಲಿನಕ್ಸ್‌ನಲ್ಲಿ ಎರಡನೆಯದು, ಮ್ಯಾಕ್‌ನಲ್ಲಿ ಮೂರನೆಯದು:

```
Find-NetRoute -RemoteIPAddress 10.8.0.25
ip route get 10.8.0.25
route -n get 10.8.0.25
```

ಉತ್ತರದಲ್ಲಿ ಆ ವಿಳಾಸ ಯಾವ ಜಾಲದ ಮೂಲಕ ಹೊರಡುತ್ತದೆ ಎಂಬುದು ಹೆಸರಿನ ಸಮೇತ ಬರುತ್ತದೆ. ಕಚೇರಿಯ ವಿಳಾಸಕ್ಕೆ ವೈರ್‌ಗಾರ್ಡ್‌ನ ಹೆಸರು ಕಂಡರೆ ಕಾರಣ ಸಿಕ್ಕಿತು. ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುವ ಅಗತ್ಯ ಅಲ್ಲಿಗೆ ಮುಗಿಯುತ್ತದೆ.

ಕಚೇರಿಯ ಸಾಲುಗಳನ್ನು ಬದಲಿಸುವುದು ನೌಕರನ ಕೈಯಲ್ಲಿಲ್ಲ. ಸ್ವಂತ ವಿಪಿಎನ್ ಕೇಳುವುದನ್ನು ಕಿರಿದು ಮಾಡುವುದು ಅವನ ಕೈಯಲ್ಲಿದೆ. ಅವನಿಗೆ ಊರಿನ ಇಡೀ ಜಾಲ ಬೇಡ. ಬೇಕಾದದ್ದು ಒಂದು ಕಂಪ್ಯೂಟರ್. ಹಾಗಾಗಿ ತಿದ್ದಿದ ಕಡತ ಇಷ್ಟು:

```
[Interface]
Address = 192.168.187.2/32

[Peer]
AllowedIPs = 192.168.187.1/32, 192.168.1.10/32
```

ವಿಪಿಎನ್‌ನ ಒಳವಿಳಾಸ 10ರ ಗುಂಪಿನಿಂದ ಹೊರಬಂದು, ಯಾರೂ ಸಾಮಾನ್ಯವಾಗಿ ಬಳಸದ 187ಕ್ಕೆ ಹೋಯಿತು. ಶಿರಸಿಯ ತುದಿಯಲ್ಲೂ ಅದಕ್ಕೆ ತಕ್ಕ ಬದಲಾವಣೆ ಮಾಡಬೇಕು, ಇಲ್ಲವಾದರೆ ಸಂಪರ್ಕ ಕೂಡಿದಂತೆ ಕಂಡರೂ ಸಂಚಾರ ದಾಟುವುದಿಲ್ಲ. ಫೋಟೋಗಳ ಕಂಪ್ಯೂಟರಿಗೆ /32 ಕೊಟ್ಟದ್ದರಿಂದ ಬಾಡಿಗೆ ಮನೆಯ ಜಾಲ ಅದೇ 192.168.1 ಆಗಿದ್ದರೂ ಆ ಒಂದು ವಿಳಾಸ ಊರಿಗೆ, ಮಿಕ್ಕವು ಇಲ್ಲೇ. ಇದಕ್ಕೂ ಒಂದು ಮಿತಿಯಿದೆ: ಬಾಡಿಗೆ ಮನೆಯ ಪ್ರಿಂಟರಿಗೂ 192.168.1.10 ಎಂಬ ವಿಳಾಸವೇ ಸಿಕ್ಕಿದ್ದರೆ ಆ ಪ್ರಿಂಟರ್ ಕಾಣದಾಗುತ್ತದೆ. ಶಾಶ್ವತ ಪರಿಹಾರವೆಂದರೆ ಊರಿನ ರೂಟರಿನ ಜಾಲವನ್ನೇ 192.168.73ರಂಥ ಅಪರೂಪದ ಸಂಖ್ಯೆಗೆ ಬದಲಿಸುವುದು. 1996ರ ಸಲಹೆ ಹೇಳಿದ್ದೂ ಅದನ್ನೇ.

DNS ಸಾಲನ್ನು ತೆಗೆದದ್ದಕ್ಕೂ ಕಾರಣವಿದೆ. ದಾರಿ ಸರಿಯಾದ ಮೇಲೂ ಕಚೇರಿಯ ಪುಟ ಸಂಖ್ಯೆ ಹಾಕಿದರೆ ಸಿಕ್ಕಿ, ಹೆಸರು ಹಾಕಿದರೆ ಸಿಗದಿದ್ದರೆ ತೊಡಕು ಹೆಸರಿನದು. ಕಚೇರಿಯ ಒಳಗಿನ ಹೆಸರುಗಳು ಕಚೇರಿಯ ಡಿಎನ್‌ಎಸ್ ಸರ್ವರಿಗೆ ಮಾತ್ರ ಗೊತ್ತು. ಆ ವಿಚಾರಣೆ ಶಿರಸಿಗೆ ಹೋದರೆ ‘ಅಂಥ ಹೆಸರಿಲ್ಲ’ ಎಂಬ ಉತ್ತರ ಬರುತ್ತದೆ. ಊರಲ್ಲಿ ಬೇಕಾದದ್ದು ಒಂದೇ ಕಂಪ್ಯೂಟರ್ ಆದ್ದರಿಂದ ಅದನ್ನು ಸಂಖ್ಯೆಯಿಂದಲೇ ಕರೆಯುವುದು ಸುಲಭ. ಹೆಸರು ಬೇಕೇ ಬೇಕೆಂದರೆ ಲ್ಯಾಪ್‌ಟಾಪಿನ hosts ಕಡತದಲ್ಲಿ ಒಂದು ಸಾಲು ಸಾಕು.

ಹಣ ಕೊಟ್ಟು ಕೊಳ್ಳುವ ವಿಪಿಎನ್ ಸೇವೆಗಳ ಮಾತು ಬೇರೆ. ಅವಕ್ಕೆ ಬೇಕಾದದ್ದು /0, ಅಂದರೆ ಎಲ್ಲ ಸಂಚಾರವೂ. ವೈರ್‌ಗಾರ್ಡ್‌ನ ವಿಂಡೋಸ್ ಆವೃತ್ತಿ 0.0.0.0/0 ಕಂಡರೆ ತನ್ನ ಮೂಲಕ ಹೋಗದ ಸಂಚಾರವನ್ನು ತಡೆಯುವ ಕಿಲ್‌ಸ್ವಿಚ್ಚನ್ನೂ ಹಾಕಬಲ್ಲದು. ಆಗ ಕಚೇರಿಯ ವಿಪಿಎನ್ ನೆಲ ಕಚ್ಚುತ್ತದೆ. ಕಿಲ್‌ಸ್ವಿಚ್ಚಿನ ಗುರುತನ್ನು ತೆಗೆದರೆ /0 ಸಾಲು 0.0.0.0/1 ಮತ್ತು 128.0.0.0/1 ಎಂಬ ಎರಡು ಹೋಳಾಗಿ, ಕಚೇರಿಯ /8 ಅವಕ್ಕಿಂತ ಖಚಿತವಾಗಿ ಗೆಲ್ಲುತ್ತದೆ. ಆಗಲೂ ಕ್ರಮ ಮುಖ್ಯ. ಸ್ವಂತದ್ದನ್ನು ಮೊದಲು ಹಾಕಿದರೆ ಕಚೇರಿಯ ವಿಪಿಎನ್ ಅದರ ಹೊಟ್ಟೆಯೊಳಗೆ ಹೊರಡುತ್ತದೆ. ಪ್ಯಾಕೆಟ್ಟಿನ ಮೇಲೆ ಎರಡು ಹೊದಿಕೆ ಬಿದ್ದು ಒಳಗಿನ ಜಾಗ ಕುಗ್ಗುತ್ತದೆ. 1500 ಬೈಟಿನಲ್ಲಿ ವೈರ್‌ಗಾರ್ಡ್ ಒಂದೇ ಬಿಡುವುದು 1420. ಲಾಗಿನ್ ಆಗುತ್ತದೆ, ದೊಡ್ಡ ಪುಟ ಅರ್ಧಕ್ಕೆ ನಿಲ್ಲುತ್ತದೆ ಎಂದರೆ ಅದೇ ಲಕ್ಷಣ. ಜೊತೆಗೆ ನೌಕರ ಬೆಂಗಳೂರಿನಲ್ಲಿದ್ದರೂ ಕಚೇರಿಗೆ ಕಾಣುವ ವಿಳಾಸ ಸಿಂಗಪುರದ್ದೋ ನೆದರ್‌ಲೆಂಡ್ಸ್‌ನದೋ ಆಗಿ, ಭದ್ರತಾ ವಿಭಾಗದಿಂದ ಕರೆ ಬರಬಹುದು. ಗ್ರಾಹಕರ ವಿವರಗಳನ್ನು 5 ವರ್ಷ ಇಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದ ಮೇಲೆ ಹಲವು ವಿಪಿಎನ್ ಕಂಪನಿಗಳು ಭಾರತದೊಳಗಿನ ಸರ್ವರುಗಳನ್ನು ತೆಗೆದಿವೆ. ಅವುಗಳ ಗ್ರಾಹಕರ ಸಂಚಾರ ಹೊರದೇಶದಿಂದಲೇ ಹೊರಬೀಳುವುದು ಸಾಮಾನ್ಯ. ಹಾಗಾಗಿ ಕಚೇರಿಯದನ್ನು ಮೊದಲು ಹಾಕಿ ಆಮೇಲೆ ಸ್ವಂತದ್ದನ್ನು ಹಾಕುವುದು ಲೇಸು. ಇಂಥ ಸೇವೆಯನ್ನು ಬೇರೆ ಸಾಧನದಲ್ಲಿ ಇಡುವುದು ಇನ್ನೂ ಲೇಸು. ಆಂಡ್ರಾಯ್ಡ್ ಫೋನಿನಲ್ಲಿ ಒಂದು ಪ್ರೊಫೈಲಿಗೆ ಒಂದೇ ವಿಪಿಎನ್ ನಡೆಯುತ್ತದೆ. ಆದರೆ ವರ್ಕ್ ಪ್ರೊಫೈಲಿಗೆ ತನ್ನದೇ ಬೇರೆ ವಿಪಿಎನ್ ಇರಬಹುದು, ಎರಡೂ ಒಂದನ್ನೊಂದು ಮುಟ್ಟದೆ ನಡೆಯುತ್ತವೆ.

ಈ ಉಪಾಯಗಳೆಲ್ಲ ನಡೆಯುವುದು ಕಚೇರಿ ತನ್ನ ವಿಳಾಸಗಳನ್ನು ಮಾತ್ರ ತನ್ನ ದಾರಿಗೆ ಎಳೆದುಕೊಂಡಾಗ. ಎಲ್ಲ ಸಂಚಾರವೂ ಕಚೇರಿಯ ಮೂಲಕವೇ ಹೋಗಬೇಕೆಂಬ ನಿಯಮವಿದ್ದರೆ ಅಲ್ಲಿನ ಕ್ಲೈಂಟ್ ಪಟ್ಟಿಯನ್ನು ಕಾಯುತ್ತಿರುತ್ತದೆ. ಕೈಯಾರೆ ಸೇರಿಸಿದ ಸಾಲನ್ನು ಕ್ಷಣದಲ್ಲಿ ಅಳಿಸುತ್ತದೆ ಅಥವಾ ಆ ಸಂಚಾರವನ್ನು ತಡೆಯುತ್ತದೆ. ಅದು ದೋಷವಲ್ಲ, ಹಾಕಿದವರ ಉದ್ದೇಶ. ಅದನ್ನು ಮೀರುವ ದಾರಿ ಹುಡುಕುವುದು ಕೆಲಸಕ್ಕೆ ಕುತ್ತು. ಅಲ್ಲಿ ಕಚೇರಿಯ ಲ್ಯಾಪ್‌ಟಾಪ್ ಕಚೇರಿಗಷ್ಟೇ ಇರಲಿ. ಊರಿನ ಫೋಟೋಗಳನ್ನು ಸ್ವಂತ ಫೋನಿನಲ್ಲೇ ನೋಡಿಕೊಳ್ಳುವುದು ಒಳ್ಳೆಯದು.