ಚಾಲೈಯಿಂದ ಒಂದು ಕೆಲಸದ ಅರ್ಜಿ

ಕಳೆದ ತಿಂಗಳ ಕೊನೆಯ ಶನಿವಾರ ತಿರುವನಂತಪುರದ ಚಾಲೈ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ನನ್ನ ಲೆಕ್ಕದ ಕೆಲಸ ಮುಗಿಯಿತು. ಹನ್ನೊಂದು ವರ್ಷ ಅಲ್ಲಿದ್ದೆ. ಮಾಲೀಕರು ಲೆಕ್ಕವನ್ನೆಲ್ಲ ಹೊರಗಿನ ತೆರಿಗೆ ಕಚೇರಿಗೆ ವಹಿಸಿದರು. ಬಾಕಿ ಸಂಬಳ ಕೈಗೆ ಕೊಟ್ಟೇ ಕಳಿಸಿದರು. ದೂರಲು ಏನಿಲ್ಲ. ಆದರೆ ನನಗೀಗ ಕೆಲಸ ಬೇಕು, ಅದನ್ನು ಹೇಳಲು ನಾಚಿಕೆಯೂ ಇಲ್ಲ.

ನಾನು ಕಾಸರಗೋಡಿನವನು, ಕನ್ನಡ ಶಾಲೆಯಲ್ಲಿ ಓದಿದವನು. ನಲವತ್ತಾರು ವರ್ಷ. ಅಂಗಡಿಗೆ ಬ್ಯಾಡಗಿಯಿಂದ ಒಣಮೆಣಸು ಬರುತ್ತಿತ್ತು. ಇಲ್ಲಿಯವರು ಅದನ್ನು ಪಿರಿಯನ್ ಮುಳಕ್ ಅನ್ನುತ್ತಾರೆ. ನನ್ನ ಕೆಲಸ ಎಂಥದ್ದು ಅಂತ ಒಂದೇ ಉದಾಹರಣೆ ಹೇಳುತ್ತೇನೆ.

ಒಮ್ಮೆ ನಾಲ್ಕು ಲಕ್ಷ ರೂಪಾಯಿಯ ಮೆಣಸು ಬಂತು. ಹೊರರಾಜ್ಯದ ಮಾಲಾದ್ದರಿಂದ ಬಿಲ್ಲಿನಲ್ಲಿ 5% ಐಜಿಎಸ್‌ಟಿ, ಅಂದರೆ 20,000 ರೂಪಾಯಿ. ಈ ಮೊತ್ತವನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ಕೈಯಲ್ಲಿ ಬಿಲ್ ಇದ್ದರೆ ಸಾಲದು. ಮಾರಿದವರು ಅದನ್ನು ತಮ್ಮ GSTR-1ರಲ್ಲಿ ತೋರಿಸಿರಬೇಕು, ನಮ್ಮ GSTR-2Bಯಲ್ಲಿ ಅದು ಬಂದಿರಬೇಕು. ಪ್ರತಿ ತಿಂಗಳು 14ಕ್ಕೆ 2B ಸಿಗುತ್ತದೆ. ಅಂದೇ ಇಳಿಸಿಕೊಂಡು ಟ್ಯಾಲಿಯ ಖರೀದಿ ಪುಸ್ತಕದೊಂದಿಗೆ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ತೆರಿಗೆ ಮೊತ್ತ, ಮೂರನ್ನೂ ಸಾಲುಸಾಲಾಗಿ ತಾಳೆ ನೋಡುತ್ತಿದ್ದೆ. ಬರೀ ಒಟ್ಟು ಮೊತ್ತ ನೋಡಿದರೆ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಬಿಡುತ್ತದೆ.

ಆ ಬಿಲ್ ಇರಲಿಲ್ಲ. ಬ್ಯಾಡಗಿಯ ಗುಮಾಸ್ತರಿಗೆ ಫೋನ್ ಮಾಡಿದೆ. "ಹಾಕೀವಲ್ರೀ" ಅಂದರು. "ಅಣ್ಣಾ, ಬಿಲ್ ನಂಬರ್ ಹೇಳ್ತೇನೆ, ಒಮ್ಮೆ ತೆಗೆದು ನೋಡಿ" ಅಂದೆ. ಬಿಟ್ಟುಹೋಗಿತ್ತು. ಆ ತಿಂಗಳ GSTR-3Bಯಲ್ಲಿ 20,000ವನ್ನು ಕಳೆದುಕೊಳ್ಳದೆ ಬಾಕಿಯಿಟ್ಟೆ. ಅವರು ಮುಂದಿನ ಸಲ ಸೇರಿಸಿದರು, ನಮಗೆ ಮುಂದಿನ 2Bಯಲ್ಲಿ ಬಂತು. ಅಷ್ಟರವರೆಗೆ ಅವರಿಗೆ ಕೊಡಬೇಕಿದ್ದ ಹಣದಲ್ಲಿ ತೆರಿಗೆಯ ಭಾಗವನ್ನಷ್ಟೇ ತಡೆಹಿಡಿದಿದ್ದೆವು. ವ್ಯಾಪಾರ ಕೆಡಲಿಲ್ಲ, ಮಾತೂ ಕೆಡಲಿಲ್ಲ.

ಇದಲ್ಲದೆ ಇ-ವೇ ಬಿಲ್, ಬ್ಯಾಂಕ್ ತಾಳೆ, ಗಿರಾಕಿಗಳ ಬಾಕಿ ವಸೂಲಿಯ ಪಟ್ಟಿ ನಾನೇ ನೋಡಿಕೊಳ್ಳುತ್ತಿದ್ದೆ. ಕನ್ನಡ, ತುಳು, ಮಲಯಾಳಂ ಸಲೀಸು. ವ್ಯವಹಾರಕ್ಕೆ ಸಾಕಾಗುವಷ್ಟು ತಮಿಳು, ಹಿಂದಿ ಬರುತ್ತದೆ. ಬಾರದ್ದನ್ನೂ ಹೇಳಿಬಿಡುತ್ತೇನೆ: ನಾನು ಸಿಎ ಅಲ್ಲ, ಲೆಕ್ಕಪರಿಶೋಧನೆಗೆ ಸಹಿ ಹಾಕಲಾರೆ. ಇಂಗ್ಲಿಷ್ ಪತ್ರ ಬರೆಯಬಲ್ಲೆ, ನಿರರ್ಗಳವಾಗಿ ಮಾತಾಡಲಾರೆ.

ಕೇರಳದಿಂದಲೋ ತಮಿಳುನಾಡಿನಿಂದಲೋ ಸರಕು ತರಿಸುವ, ಅಲ್ಲಿಗೆ ಕಳಿಸುವ ಸಗಟು ಅಂಗಡಿ, ಗೋದಾಮು, ಸಾಗಣೆ ಕಚೇರಿ ಯಾವುದಾದರೂ ಆದೀತು. ಬೆಂಗಳೂರು, ಮಂಗಳೂರು, ಕೊಚ್ಚಿ, ಎಲ್ಲಿಗಾದರೂ ಬರುತ್ತೇನೆ. ತಿಂಗಳಿಗೆ 32,000 ಸಿಗುತ್ತಿತ್ತು. ಅದರ ಆಸುಪಾಸಿನಲ್ಲಿ ಮಾತಾಡಬಹುದು. ನಿಮಗೆ ಗೊತ್ತಿರುವ ಕಡೆ ಜಾಗವಿದ್ದರೆ ಸಂಪಾದಕರ ಮೂಲಕ ತಿಳಿಸಿ.

ಶಿಫಾರಸು ಬೇಡ. ಒಂದು ತಿಂಗಳ ಖರೀದಿ ಪುಸ್ತಕ ಮತ್ತು 2B ಮುಂದಿಡಿ. ತಾಳೆಯಾಗದ ಬಿಲ್ಲುಗಳ ಪಟ್ಟಿಯನ್ನು, ಯಾರಿಗೆ ಫೋನ್ ಮಾಡಬೇಕೆಂಬುದರ ಸಮೇತ, ಸಂಜೆಯೊಳಗೆ ಕೊಡುತ್ತೇನೆ. ಅದನ್ನು ನೋಡಿ ತೀರ್ಮಾನಿಸಿ.