ಊಹೆಯನ್ನು ಅಳಿಸಬೇಡಿ

ನನ್ನ ಅಕ್ಕನ ಮಗಳು ಒಂದನೇ ಕ್ಲಾಸು. ಆಕೆಯ ಶಾಲೆಯಿಂದ ಬರುವ ವರ್ಕ್‌ಶೀಟುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 'ತೇಲುತ್ತಾ? ಮುಳುಗುತ್ತಾ?' ಅನ್ನೋ ಹಾಳೆ. ಒಂದೊಂದು ಸಾಲಿನಲ್ಲಿ ಒಂದೊಂದು ವಸ್ತು, ಅದರ ಮುಂದೆ ಮೂರು ಚೌಕ. ಮೊದಲನೆಯದು 'ನನ್ನ ಊಹೆ', ಎರಡನೆಯದು 'ನಾನು ನೋಡಿದ್ದು', ಮೂರನೆಯದು ಚಿತ್ರ ಬಿಡಿಸೋಕೆ. ನಾನು ಆಫೀಸಿನಲ್ಲಿ ದಿನಾ ಮಾಡೋದೂ ಹೆಚ್ಚು ಕಡಿಮೆ ಇದೇ. ಟೆಸ್ಟ್ ಕೇಸ್ ಬರೆಯುವಾಗ ಏನು ಬರಬೇಕು ಅಂತ ಮೊದಲೇ ಬರೆದಿಡುತ್ತೇವೆ, ಆಮೇಲೆ ರನ್ ಮಾಡಿ ಏನು ಬಂತು ಅಂತ ನೋಡುತ್ತೇವೆ. ಹಾಗಾಗಿ ಆ ಹಾಳೆ ಕೈಗೆ ಬಂದಾಗ ನನಗೇ ಉತ್ಸಾಹ ಜಾಸ್ತಿ.

ಆದರೆ ಮನೆಯಲ್ಲಿ ಈ ಹಾಳೆ ಕೆಡೋದು ಮೊದಲನೇ ಚೌಕದಲ್ಲೇ. ಮಗು 'ಮುಳುಗುತ್ತೆ' ಅಂತ ಬರೆದಿರುತ್ತೆ, ವಸ್ತು ತೇಲುತ್ತೆ. ತಕ್ಷಣ ರಬ್ಬರ್ ಹೊರಗೆ ಬರುತ್ತೆ. ನಮ್ಮ ಪುಟ್ಟಿ ಹೀಗೆ ಅಳಿಸೋಕೆ ಹೊರಟಾಗ ಅಕ್ಕನೂ ಅವಳ ಪರವೇ. "ಅಳಿಸಿ ಸರಿಯಾಗಿ ಬರೀಲಿ ಬಿಡೆ, ಮಿಸ್ ಕ್ರಾಸ್ ಹಾಕಿಬಿಟ್ರೆ ಅಳ್ತಾ ಕೂರ್ತಾಳೆ" ಅಂದಳು. ಅಕ್ಕನ ಚಿಂತೆ ಸುಳ್ಳಲ್ಲ. ಹಿಂದಿನ ವಾರದ ಹಾಳೆಯಲ್ಲಿ ಊಹೆಯ ಚೌಕಕ್ಕೂ ಕೆಂಪು ಗುರುತು ಬಿದ್ದಿತ್ತು. ಆದರೆ ಎರಡೂ ಚೌಕದಲ್ಲಿ ಒಂದೇ ಉತ್ತರ ಇದ್ದರೆ ಆ ಹಾಳೆಯಿಂದ ಏನೂ ಗೊತ್ತಾಗೋದಿಲ್ಲ. ಮಗು ಏನು ಅಂದುಕೊಂಡಿತ್ತು ಅನ್ನೋದು ಆ ಒಂದು ಚೌಕದಲ್ಲಿ ಮಾತ್ರ ಇರುತ್ತೆ. ಅದಕ್ಕೇ ನಾವು ಒಂದು ಒಪ್ಪಂದಕ್ಕೆ ಬಂದೆವು: ಊಹೆಯನ್ನು ಕ್ರೇಯಾನ್‌ನಲ್ಲಿ ಬರೆಯಬೇಕು, ಉಳಿದದ್ದು ಪೆನ್ಸಿಲ್‌ನಲ್ಲಿ. ಕ್ರೇಯಾನ್ ಅಷ್ಟು ಸುಲಭವಾಗಿ ಅಳಿಯೋದಿಲ್ಲ!

ಯಾವ ವಸ್ತು ಆರಿಸಬೇಕು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಆರು ವರ್ಷದ ಮಗುವಿನ ನಿಯಮ ಸರಳ: ಭಾರ ಇದ್ದದ್ದು ಮುಳುಗುತ್ತೆ, ಹಗುರ ಇದ್ದದ್ದು ತೇಲುತ್ತೆ. ಕಲ್ಲು, ಒಣಗಿದ ಎಲೆ ಅಂತ ಬರೀ ಅಂಥವನ್ನೇ ಕೊಟ್ಟರೆ ಆ ನಿಯಮ ಪ್ರತಿ ಸಲ ಗೆಲ್ಲುತ್ತೆ, ಮಗು ಯೋಚಿಸಬೇಕಾದ್ದೇ ಇಲ್ಲ. ಧೈರ್ಯ ಬರಲಿ ಅಂತ ಮೊದಲು ಕಲ್ಲು, ಪೆನ್ಸಿಲ್ ಇಟ್ಟೆವು. ಆಮೇಲೆ ಒಂದು ರೂಪಾಯಿ ನಾಣ್ಯ, ಸಿಪ್ಪೆ ಇರುವ ಮೋಸಂಬಿ, ಸಿಪ್ಪೆ ಸುಲಿದ ಮೋಸಂಬಿ, ಸ್ಟೀಲ್ ಚಮಚ, ಸ್ಟೀಲ್ ಬಟ್ಟಲು. ಟೊಮೆಟೊ, ನಿಂಬೆಹಣ್ಣು ಬೇಡ ಅಂದೆ. ಅವುಗಳಲ್ಲಿ ಒಂದು ತೇಲಿದರೆ ಇನ್ನೊಂದು ಮುಳುಗಬಹುದು. ದೊಡ್ಡ ಮಕ್ಕಳಿಗೆ ಅದು ಒಳ್ಳೆಯ ಪ್ರಶ್ನೆ, ಇವಳಿಗೆ ಬರೀ ಗೊಂದಲ.

ನೀರು ತುಂಬೋಕೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಬೇಕು, ಒಂದು ಗೇಣಿನಷ್ಟಾದರೂ ಆಳದ್ದು. ಬಕೆಟ್‌ನಲ್ಲಿ ಮೇಲಿನಿಂದ ಬಗ್ಗಿ ನೋಡಿದರೆ ವಸ್ತು ನೀರಿನೊಳಗೆ ಎಷ್ಟಿದೆ, ಹೊರಗೆ ಎಷ್ಟಿದೆ ಅಂತ ಗೊತ್ತಾಗಲ್ಲ. ವಸ್ತುವನ್ನು ಎಸೆಯದೆ ಮೆಲ್ಲಗೆ ಬಿಡಬೇಕು. ಬಿಟ್ಟ ಮೇಲೆ ಒಂದು ಸಲ ಬೆರಳಿನಿಂದ ನೀರೊಳಗೆ ಒತ್ತಿ, ಕೈ ತೆಗೆದು, ಹತ್ತರವರೆಗೆ ಎಣಿಸಬೇಕು. ಈ ಒತ್ತೋದು ಯಾಕೆ ಅಂದ್ರೆ, ಗುಂಡುಸೂಜಿ, ಪೇಪರ್ ಕ್ಲಿಪ್ ಥರದ್ದನ್ನು ನಾಜೂಕಾಗಿ ಇಟ್ಟರೆ ನೀರಿನ ಮೇಲ್ಪದರವೇ ಅದನ್ನು ಹೊತ್ತುಕೊಂಡಿರುತ್ತೆ, ನೋಡೋಕೆ ತೇಲಿದ ಹಾಗೇ ಕಾಣುತ್ತೆ. ಒತ್ತಿದರೆ ಕೆಳಗೆ ಹೋಗಿ ಅಲ್ಲೇ ಉಳಿಯುತ್ತೆ. ನಿಜವಾಗಿ ತೇಲುವ ಪೆನ್ಸಿಲ್ ಒತ್ತಿದರೂ ವಾಪಸ್ ಮೇಲೆ ಬರುತ್ತೆ.

ಎಲ್ಲಾ ಊಹೆಗಳನ್ನೂ ಒಟ್ಟಿಗೆ ಬರೆಸಬೇಡಿ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಊಹೆ, ಆಮೇಲೆ ನೀರು, ಆಮೇಲೆ ಚಿತ್ರ, ನಂತರ ಮುಂದಿನದು. ಆಗ ಹಿಂದೆ ನೋಡಿದ್ದು ಮುಂದಿನ ಊಹೆಯೊಳಗೆ ಬರೋದು ಕಾಣುತ್ತೆ. ನಾಣ್ಯ ಮುಳುಗಿತು. ಮೋಸಂಬಿಯನ್ನು ಕೈಯಲ್ಲಿ ತೂಗಿ ನೋಡಿ "ಇದು ಕಾಯಿನ್‌ಗಿಂತ ಭಾರ, ಪಕ್ಕಾ ಮುಳುಗುತ್ತೆ" ಅಂದಳು. ಅದು ತೇಲಿತು. ಅದನ್ನೇ ಸುಲಿದು ಬಿಟ್ಟಾಗ "ಈಗ ಹಗುರ ಆಯ್ತಲ್ಲ, ಇನ್ನೂ ಚೆನ್ನಾಗಿ ತೇಲುತ್ತೆ" ಅಂದಳು. ಅದು ಮುಳುಗಿತು. ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಗಾಳಿ ತುಂಬಿರುತ್ತೆ, ಅದೇ ಹಣ್ಣಿನ ಲೈಫ್ ಜಾಕೆಟ್. ಆ ಬಿಳಿ ಪದರವನ್ನು ಪೂರ್ತಿ ಬಿಡಿಸದೆ ಇದ್ದರೆ ಹಣ್ಣು ಮುಳುಗದೆ ತೂಗಾಡಬಹುದು, ಹಾಗಾಗಿ ನೀಟಾಗಿ ಸುಲಿಯಿರಿ.

ಮೂರನೇ ಚೌಕವನ್ನು ನಾವು ದೊಡ್ಡವರು ಬಣ್ಣ ಹಚ್ಚೋಕೆ ಅಂತ ತಿಳಿದುಬಿಡುತ್ತೇವೆ. ನನಗೆ ಅತಿ ಹೆಚ್ಚು ತಿಳಿಸಿಕೊಟ್ಟದ್ದೇ ಆ ಚೌಕ. ಪುಟ್ಟಿಯ ಮೊದಲ ಚಿತ್ರದಲ್ಲಿ ಪೆನ್ಸಿಲ್ ನೀರಿನ ಗೆರೆಯ ಮೇಲೆ ಇತ್ತು, ರಸ್ತೆ ಮೇಲೆ ಬಸ್ಸು ನಿಂತ ಹಾಗೆ. 'ತೇಲುತ್ತೆ' ಅಂತ ಸರಿಯಾಗಿಯೇ ಬರೆದಿದ್ದಳು, ಆದರೆ ತೇಲೋದು ಅಂದ್ರೆ ಅವಳಿಗೆ ನೀರಿನ ಮೇಲೆ ಕೂರೋದು. ನಾನು ತಿದ್ದಲಿಲ್ಲ. ಮೋಸಂಬಿಯ ಸರದಿ ಬಂದಾಗ "ಡಬ್ಬದ ಪಕ್ಕ ಕಣ್ಣಿಟ್ಟು ನೋಡಿ ಬಿಡಿಸು" ಅಂದೆ ಅಷ್ಟೆ. ನೆಲದ ಮೇಲೆ ಬೋರಲು ಮಲಗಿ ನೋಡಿದಳು. "ಚಿಕ್ಕಿ, ಇದು ಜಾಸ್ತಿ ಒಳಗೇ ಇದೆ, ತಲೆ ಮಾತ್ರ ಹೊರಗಿದೆ!" ಆ ಚಿತ್ರದಲ್ಲಿ ಗೆರೆ ಹಣ್ಣಿನ ಮೇಲ್ಭಾಗವನ್ನು ಹಾದು ಹೋಯಿತು. ಟಿಕ್ ಮಾರ್ಕಿನಲ್ಲಿ ಈ ವ್ಯತ್ಯಾಸ ಕಾಣಿಸೋದೇ ಇಲ್ಲ. ನೀವೇ ಹಾಳೆ ಮಾಡಿಕೊಳ್ಳೋದಾದರೆ ಚಿತ್ರದ ಚೌಕದಲ್ಲಿ ಖಾಲಿ ಡಬ್ಬದ ಆಕಾರ ಮಾತ್ರ ಹಾಕಿ, ನೀರಿನ ಗೆರೆಯನ್ನು ಮಗುವೇ ಎಳೆಯಲಿ.

ಕೊನೆಗೆ ಬಟ್ಟಲು. ಚಮಚ ಮುಳುಗಿದ್ದನ್ನು ನೋಡಿದ್ದಳಲ್ಲ, "ಇದೂ ಸ್ಟೀಲೇ, ಮುಳುಗುತ್ತೆ" ಅಂದಳು. ಒಳ್ಳೆಯ ತರ್ಕ. ಬಟ್ಟಲು ತೇಲಿತು. ವಾಲಿಸಿ ನೀರು ತುಂಬಿದಾಗ ಮುಳುಗಿತು. ಒಂದೇ ಸಾಲಿಗೆ ಎರಡು ಚಿತ್ರ ಬೇಕಾಯಿತು. ಕಾರಣ ಇಷ್ಟೇ: ಯಾವ ವಸ್ತುವೇ ಆದರೂ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಲು ಸಾಧ್ಯವಾದರೆ ತೇಲುತ್ತೆ. 100 ಗ್ರಾಂ ಬಟ್ಟಲು 100 ಮಿಲಿ ನೀರು ಸರಿಸಿದರೆ ಸಾಕು, 250 ಮಿಲಿ ಹಿಡಿಯುವ ಬಟ್ಟಲಿಗೆ ಅದು ಸುಲಭ. 30 ಗ್ರಾಂ ಚಮಚ ಪೂರ್ತಿ ಮುಳುಗಿದರೂ ಸರಿಸೋದು ಸುಮಾರು 4 ಮಿಲಿ ನೀರನ್ನು ಮಾತ್ರ.

ಇದು ನಮಗೆ ಗೊತ್ತಿದ್ದರೆ ಸಾಕು, ಮಗುವಿಗೆ ಈಗಲೇ ಸಾಂದ್ರತೆಯ ಪಾಠ ಬೇಡ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಪಿಯಾಜೆ ಮತ್ತು ಇನ್‌ಹೆಲ್ಡರ್ ಇದೇ ತೇಲು-ಮುಳುಗು ಪ್ರಯೋಗವನ್ನು ಮಕ್ಕಳಿಂದ ಮಾಡಿಸಿದ್ದರು. ಚಿಕ್ಕ ಮಕ್ಕಳು ಒಂದು ವಸ್ತು ಚಿಕ್ಕದಿದೆ ಅಂತ ತೇಲುತ್ತೆ, ಇನ್ನೊಂದು ದೊಡ್ಡದಿದೆ ಅಂತ ತೇಲುತ್ತೆ ಅನ್ನುತ್ತಾರೆ, ಆ ವಿರೋಧ ಅವರನ್ನು ಕಾಡೋದೇ ಇಲ್ಲ ಅಂತ ಅವರು ಕಂಡುಕೊಂಡರು. ಹಾಗಾಗಿ ಒಂದು ಮಧ್ಯಾಹ್ನಕ್ಕೆ 'ಭಾರ ಒಂದನ್ನೇ ನೋಡಿದರೆ ಸಾಲದು' ಅನ್ನೋ ಅನುಮಾನ ಹುಟ್ಟಿದರೂ ಅದು ದೊಡ್ಡ ಸಂಪಾದನೆ.

ಏಳು ಊಹೆಗಳಲ್ಲಿ ಮೂರು ನೋಡಿದ್ದಕ್ಕೆ ಹೊಂದಲಿಲ್ಲ. ಹಾಳೆಯ ಕೆಳಗೆ ಅಕ್ಕನೇ ಮಿಸ್‌ಗೆ ಒಂದು ಸಾಲು ಬರೆದಳು: "ಊಹೆಗಳನ್ನು ಬೇಕಂತಲೇ ಅಳಿಸಿಲ್ಲ ಮೇಡಂ." ಹಾಳೆ ವಾಪಸ್ ಬಂದಾಗ ಊಹೆಯ ಚೌಕದಲ್ಲಿ ಕೆಂಪು ಗುರುತಿರಲಿಲ್ಲ. ಬಟ್ಟಲಿನ ಎರಡು ಚಿತ್ರದ ಪಕ್ಕ ಒಂದು ಸ್ಟಾರ್ ಇತ್ತು.